ಮಳಿಗೆ ಓನರ್‌ಗೆ ಜಿಎಸ್‌ಟಿ ನಂಬರ್ ಇಲ್ಲ, ನಿಮಗೆ ಇದೆ: ಬಾಡಿಗೆ ಮೇಲಿನ ಆರ್‌ಸಿಎಂ ಕಟ್ಟೋದು ಹೇಗೆ, ಮೊದಲಿಂದ ಕೊನೇವರೆಗೆ

2024ರ ಅಕ್ಟೋಬರ್ 10ರಿಂದ ಒಂದು ರೂಲ್ ಜಾರಿಗೆ ಬಂದಿದೆ, ಇವತ್ತಿಗೂ ತುಂಬಾ ಅಂಗಡಿಯವರಿಗೆ ಸರಿಯಾಗಿ ಗೊತ್ತಿಲ್ಲ. ನೀವು ಜಿಎಸ್‌ಟಿ ರಿಜಿಸ್ಟರ್ ಮಾಡಿಸ್ಕೊಂಡಿದ್ದು, ನೀವು ಬಾಡಿಗೆ ಕೊಡೋ ಮಳಿಗೆ, ಗೋಡೌನ್ ಅಥವಾ ಆಫೀಸಿನ ಓನರ್ ರಿಜಿಸ್ಟರ್ ಆಗಿಲ್ಲ ಅಂದ್ರೆ, ಆ ಬಾಡಿಗೆ ಮೇಲಿನ 18% ಜಿಎಸ್‌ಟಿನ ಸರ್ಕಾರಕ್ಕೆ ನೀವೇ ಕಟ್ಬೇಕು. ಇದಕ್ಕೇ ರಿವರ್ಸ್ ಚಾರ್ಜ್ ಅನ್ನೋದು, ಆಡಿಟರ್‌ಗಳ ಬಾಯಲ್ಲಿ ಆರ್‌ಸಿಎಂ. 2024ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಕೌನ್ಸಿಲ್‌ನ 54ನೇ ಮೀಟಿಂಗ್‌ನಲ್ಲಿ ತೀರ್ಮಾನ ಆಗಿ, ಅಕ್ಟೋಬರ್ 8ಕ್ಕೆ 09/2024 ನಂಬರಿನ ನೋಟಿಫಿಕೇಶನ್ ಬಂತು. ಬಾಡಿಗೆ ಎಷ್ಟೇ ಕಮ್ಮಿ ಇರ್ಲಿ, ತಿಂಗಳಿಗೆ ಐದು ಸಾವಿರ ಇದ್ರೂ ಬರತ್ತೆ, ಇದಕ್ಕೆ ಮಿನಿಮಮ್ ಲಿಮಿಟ್ ಅಂತ ಏನೂ ಇಲ್ಲ.

ಮನೆ ಅಂದ್ರೆ ವಾಸದ ಕಟ್ಟಡಕ್ಕೆ ರೂಲ್ ಬೇರೆ, ಅದು 2022ರ ಜುಲೈ 18ರಿಂದಾನೇ ಇದೆ. ಅಲ್ಲಿ ಓನರ್ ರಿಜಿಸ್ಟರ್ ಆಗಿದ್ರೂ ಆಗದಿದ್ರೂ ಬಾಡಿಗೆದಾರ ರಿಜಿಸ್ಟರ್ ಆಗಿದ್ರೆ ಆರ್‌ಸಿಎಂ ಬರತ್ತೆ, ಆದ್ರೆ ಪ್ರೊಪ್ರೈಟರ್ ಆದವನು ತನ್ನ ಸಂಸಾರ ಇರೋಕೆ ಸ್ವಂತ ಲೆಕ್ಕದಲ್ಲಿ ಮನೆ ಹಿಡಿದಿದ್ರೆ ಇಲ್ಲ. ಇಲ್ಲಿ ನಾನು ಹೇಳ್ತಿರೋದು ಪೂರ್ತಿ ಮಳಿಗೆ, ಗೋಡೌನ್, ಆಫೀಸ್ ವಿಷಯ.

ಮೊದಲು ಓನರ್ ನಿಜವಾಗ್ಲೂ ಅನ್‌ರಿಜಿಸ್ಟರ್ಡಾ ನೋಡಿ

ಇದನ್ನ ಓನರ್ ಬಾಯಿಮಾತಿನ ಮೇಲೆ ಬಿಡ್ಬೇಡಿ. ಓನರ್ ಮಳಿಗೆ ಬಾಡಿಗೆಗೆ ಅಂತ ಜಿಎಸ್‌ಟಿ ಮಾಡಿಸಿರಲ್ಲ, ಆದ್ರೆ ಅದೇ ಓನರ್‌ಗೆ ಇನ್ನೊಂದು ಬೀದೀಲಿ ಅವರದೇ ಹೆಸರಲ್ಲಿ ಒಂದು ಕಿರಾಣಿ ಅಂಗಡಿನೋ ಹಾರ್ಡ್‌ವೇರ್ ಅಂಗಡಿನೋ ಇದ್ದು ಅದಕ್ಕೆ ಜಿಎಸ್‌ಟಿ ನಂಬರ್ ಇರತ್ತೆ. ರಿಜಿಸ್ಟ್ರೇಶನ್ ನಿಂತಿರೋದು ಪ್ಯಾನ್ ಮೇಲೆ, ವ್ಯಾಪಾರದ ಮೇಲಲ್ಲ. ಹಾಗಾಗಿ ಅಂಥ ಓನರ್ ರಿಜಿಸ್ಟರ್ಡ್ ವ್ಯಕ್ತಿನೇ ಆಗ್ತಾರೆ, ಬಾಡಿಗೆಗೆ ಅವರೇ ಟ್ಯಾಕ್ಸ್ ಇನ್‌ವಾಯ್ಸ್ ಕೊಟ್ಟು ಅವರೇ ಟ್ಯಾಕ್ಸ್ ಕಟ್ಬೇಕು, ನಿಮಗೆ ಆರ್‌ಸಿಎಂ ಬರಲ್ಲ. ಓನರ್ ಕಾಂಪೊಸಿಷನ್‌ನಲ್ಲಿದ್ರೂ ರಿಜಿಸ್ಟರ್ಡೇ, ಅಲ್ಲೂ ನಿಮಗೆ ಆರ್‌ಸಿಎಂ ಇಲ್ಲ.

ನೋಡೋದು ಸುಲಭ. ಬಾಡಿಗೆ ಕರಾರು ಪತ್ರದಲ್ಲಿ ಓನರ್ ಪ್ಯಾನ್ ಇರತ್ತೆ, ಇಲ್ದಿದ್ರೆ ಕೇಳಿ ತಗೊಳ್ಳಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ದೇನೇ `Search Taxpayer` ಒಳಗೆ `Search by PAN` ಅಂತ ಇದೆ, ಪ್ಯಾನ್ ಹಾಕಿದ್ರೆ ಆ ಪ್ಯಾನ್ ಮೇಲೆ ಯಾವ್ಯಾವ ರಾಜ್ಯದಲ್ಲಿ ನಂಬರ್ ಇದೆ, ಆಕ್ಟಿವ್ ಇದ್ಯಾ ಕ್ಯಾನ್ಸಲ್ ಆಗಿದ್ಯಾ ಅಂತ ತೋರ್ಸತ್ತೆ. ಆ ಪೇಜ್‌ನ ಪ್ರಿಂಟ್ ತೆಗೆದು ಕರಾರು ಪತ್ರದ ಜೊತೆ ಫೈಲ್‌ನಲ್ಲಿ ಇಟ್ಕೊಳ್ಳಿ, ವರ್ಷಕ್ಕೊಂದ್ಸಲ ಏಪ್ರಿಲ್‌ನಲ್ಲಿ ಮತ್ತೆ ನೋಡಿ. ಮಧ್ಯದಲ್ಲಿ ಓನರ್ ರಿಜಿಸ್ಟರ್ ಆದ್ರೆ ಆ ದಿನದಿಂದ ಅವರ ಇನ್‌ವಾಯ್ಸ್ ಬರ್ಬೇಕು, ನಿಮ್ಮ ಆರ್‌ಸಿಎಂ ನಿಲ್ಬೇಕು.

ಜಾಯಿಂಟ್ ಆಸ್ತಿ ಇದ್ರೆ ಸ್ವಲ್ಪ ಹುಷಾರು. ಅಣ್ಣ ತಮ್ಮ ಇಬ್ಬರ ಹೆಸರಲ್ಲಿ ಕಟ್ಟಡ ಇದ್ದು ಬಾಡಿಗೆ ಅರ್ಧರ್ಧ ಹೋಗ್ತಿದ್ರೆ ಇಬ್ಬರ ಪ್ಯಾನೂ ಬೇರೆ ಬೇರೆ ನೋಡಿ, ಅಣ್ಣ ರಿಜಿಸ್ಟರ್ಡ್ ತಮ್ಮ ಅಲ್ಲ ಅಂದ್ರೆ ತಮ್ಮನ ಪಾಲಿಗೆ ಮಾತ್ರ ಆರ್‌ಸಿಎಂ. ಇನ್ನೊಂದು ಕೇಸ್ ಪ್ರೈವೇಟ್ ಲಿಮಿಟೆಡ್ ಕಂಪನಿಗಳಲ್ಲಿ ದಿನಾ ಕಾಣತ್ತೆ: ಡೈರೆಕ್ಟರ್ ತನ್ನ ಸ್ವಂತ ಕಟ್ಟಡನ ಕಂಪನಿಗೆ ಬಾಡಿಗೆಗೆ ಕೊಟ್ಟಿರ್ತಾರೆ, ಡೈರೆಕ್ಟರ್‌ಗೆ ಜಿಎಸ್‌ಟಿ ಇಲ್ಲ. "ನಮ್ದೇ ಬಿಲ್ಡಿಂಗ್ ಸಾರ್, ಅದಕ್ಕೂನಾ?" ಅಂತಾರೆ. ಹೌದು, ಕಂಪನಿ ಬೇರೆ ನೀವು ಬೇರೆ, ಆ ಬಾಡಿಗೆಗೂ ಕಂಪನಿ ಆರ್‌ಸಿಎಂ ಕಟ್ಬೇಕು.

ನಿಮ್ಮ ಕಡೆ ನೋಡ್ಕೋಬೇಕಾದ್ದು ಒಂದೇ. ನೀವು ಕಾಂಪೊಸಿಷನ್ ಡೀಲರ್ ಆಗಿದ್ರೆ 2025ರ ಜನವರಿ 16ರಿಂದ ನಿಮ್ಮನ್ನ ಇದರಿಂದ ಬಿಟ್ಟಿದ್ದಾರೆ. ನಿಮಗೆ ಜಿಎಸ್‌ಟಿ ನಂಬರೇ ಇಲ್ದಿದ್ರಂತೂ ಈ ರೂಲ್ ನಿಮಗಲ್ಲ.

ಯಾವ ಮೊತ್ತದ ಮೇಲೆ 18%

ಒಂದು ಉದಾಹರಣೆ ಇಟ್ಕೊಂಡು ಕೊನೇವರೆಗೆ ಹೋಗೋಣ. ಹಾಸನದಲ್ಲಿ ಒಂದು ಎಲೆಕ್ಟ್ರಿಕಲ್ಸ್ ಅಂಗಡಿ, ರೆಗ್ಯುಲರ್ ಜಿಎಸ್‌ಟಿ, ತಿಂಗಳಿಗೊಂದು ರಿಟರ್ನ್. ಮಳಿಗೆ ಓನರ್ ರಿಟೈರ್ಡ್ ಮೇಷ್ಟ್ರು, ಜಿಎಸ್‌ಟಿ ಇಲ್ಲ, ಬಾಡಿಗೆ ತಿಂಗಳಿಗೆ 30,000. ಅದರ 18% ಅಂದ್ರೆ 5,400, ಜಾಗ ಓನರ್ ಅಂಗಡಿ ಎಲ್ಲಾ ಕರ್ನಾಟಕದಲ್ಲೇ ಇರೋದ್ರಿಂದ ಸಿಜಿಎಸ್‌ಟಿ 2,700, ಎಸ್‌ಜಿಎಸ್‌ಟಿ 2,700.

ಮೇಷ್ಟ್ರಿಗೆ ಹೋಗೋದು 30,000 ಮಾತ್ರ, ಅದರ ಮೇಲೆ 5,400 ಸೇರಿಸಿ ಕೊಡೋ ಹಾಗಿಲ್ಲ, ಅವರು ಕೇಳೋ ಹಾಗೂ ಇಲ್ಲ. ಕೆಲವರು ಉಲ್ಟಾ ಮಾಡ್ತಾರೆ, "ನಿಮ್ಮಿಂದ ನನಗೆ ಟ್ಯಾಕ್ಸ್ ಬಂತು" ಅಂತ ಬಾಡಿಗೇಲೇ 5,400 ಹಿಡ್ಕೋತಾರೆ. ಬಾಡಿಗೆ ಕಮ್ಮಿ ಮಾಡಿ ಅಂತ ಹೊಸ ಕರಾರಿಗೆ ಚೌಕಾಸಿ ಮಾಡೋದು ನಿಮ್ಮಿಷ್ಟ, ಆದ್ರೆ ಕಾನೂನು ಪ್ರಕಾರ ಟ್ಯಾಕ್ಸ್ ಹೊರೆ ಬಾಡಿಗೆದಾರನ ಮೇಲಿದೆ, ಓನರ್ ಮೇಲಲ್ಲ.

ಬಾಡಿಗೆ ಜೊತೆ ಬೇರೆ ದುಡ್ಡೂ ಓಡಾಡತ್ತಲ್ಲ, ಅಲ್ಲೇ ಎಡವಟ್ಟಾಗೋದು. ಕಟ್ಟಡದ ಕಂದಾಯ ಕಟ್ಟೋ ಜವಾಬ್ದಾರಿ ಓನರ್‌ದು, ಕರಾರಲ್ಲಿ "ಕಂದಾಯ ಬಾಡಿಗೆದಾರರೇ ಕಟ್ಟತಕ್ಕದ್ದು" ಅಂತ ಬರೆಸ್ಕೊಂಡಿದ್ರೆ ನೀವು ನಗರಸಭೆಗೆ ಕಟ್ಟಿದ ಆ ಮೊತ್ತಾನೂ ಬಾಡಿಗೆಗೆ ಸೇರತ್ತೆ, ಅದರ ಮೇಲೂ 18%. ಕರೆಂಟ್‌ಗೆ ಬೇರೆ ಮೀಟರ್ ಇದ್ದು ಬಿಲ್ ಎಷ್ಟು ಬಂತೋ ಅಷ್ಟನ್ನೇ ಓನರ್ ಇಸ್ಕೊಂಡು ಕಟ್ತಿದ್ರೆ ಅದು ಸೇರಲ್ಲ. ಆದ್ರೆ "ಕರೆಂಟು ನೀರು ಎಲ್ಲಾ ಸೇರಿ 33,000" ಅಂತ ಒಟ್ಟಿಗೆ ಕೊಡ್ತಿದ್ರೆ ಪೂರ್ತಿ 33,000 ಮೇಲೂ ಬರತ್ತೆ. ಅಡ್ವಾನ್ಸ್ ಅಂತ ಕೊಡ್ತೀವಲ್ಲ, ಖಾಲಿ ಮಾಡುವಾಗ ವಾಪಸ್ ಬರೋ ಡಿಪಾಸಿಟ್ಟು, ಅದನ್ನ ಕೊಡುವಾಗ ಟ್ಯಾಕ್ಸ್ ಇಲ್ಲ.

ಟಿಡಿಎಸ್ ಬೇರೆ ಕಾನೂನು, ಅದನ್ನ ಇದಕ್ಕೆ ಬೆರೆಸ್ಬೇಡಿ. ಬಾಡಿಗೇಲಿ ಟಿಡಿಎಸ್ ಹಿಡಿದು ಓನರ್‌ಗೆ ಕಮ್ಮಿ ದುಡ್ಡು ಹೋದ್ರೂ ಆರ್‌ಸಿಎಂ ಲೆಕ್ಕ ಹಾಕೋದು ಪೂರ್ತಿ ಬಾಡಿಗೆ ಮೇಲೆ.

ಸೆಲ್ಫ್ ಇನ್‌ವಾಯ್ಸ್: ನಿಮಗೆ ನೀವೇ ಬಿಲ್ ಬರ್ಕೊಳ್ಳೋದು

ಮೇಷ್ಟ್ರು ರಿಜಿಸ್ಟರ್ ಆಗಿಲ್ಲ, ಅವರಿಂದ ಟ್ಯಾಕ್ಸ್ ಇನ್‌ವಾಯ್ಸ್ ಬರಲ್ಲ. ಹಾಗಾಗಿ ಅವರ ಪರವಾಗಿ ಇನ್‌ವಾಯ್ಸ್‌ನ ಅಂಗಡಿಯವರೇ ಮಾಡ್ಬೇಕು. ಇದಿಲ್ದೆ ಬರೀ ಟ್ಯಾಕ್ಸ್ ಕಟ್ಟಿದ್ರೆ ಸರ್ಕಾರಕ್ಕೆ ದುಡ್ಡು ಹೋಗತ್ತೆ, ನಿಮಗೆ ಕ್ರೆಡಿಟ್ ತಗೊಳ್ಳೋಕೆ ದಾಖಲೆ ಇರಲ್ಲ. 2024ರ ನವೆಂಬರ್ 1ರಿಂದ ಇದಕ್ಕೆ ಗಡುವೂ ಬಂದಿದೆ: ಸೇವೆ ಸಿಕ್ಕ ದಿನದಿಂದ 30 ದಿನದೊಳಗೆ ಇನ್‌ವಾಯ್ಸ್ ಆಗ್ಬೇಕು, ಇದು ರೂಲ್ 47ಎ. ಒಂದು ಮಾದರಿ ಹೀಗಿರತ್ತೆ:

```
ಸೆಲ್ಫ್ ಇನ್‌ವಾಯ್ಸ್           ನಂ: RCM/25-26/07   ದಿನಾಂಕ: 31-10-2025
ಸೇವೆ ಕೊಟ್ಟವರು   : ಓನರ್ ಹೆಸರು, ವಿಳಾಸ (ರಿಜಿಸ್ಟರ್ ಆಗಿಲ್ಲ)
ಸೇವೆ ಪಡೆದವರು    : ನಿಮ್ಮ ಫರ್ಮ್ ಹೆಸರು, ವಿಳಾಸ, GSTIN
ವಿವರ             : ಮಳಿಗೆ ಬಾಡಿಗೆ, ಅಕ್ಟೋಬರ್ 2025    SAC 997212
ಮೌಲ್ಯ            : 30,000
CGST 9%          : 2,700
SGST 9%          : 2,700
ಪ್ಲೇಸ್ ಆಫ್ ಸಪ್ಲೈ : ಕರ್ನಾಟಕ (29)
ರಿವರ್ಸ್ ಚಾರ್ಜ್   : ಹೌದು
ಸಹಿ              : ಫರ್ಮ್ ಪರವಾಗಿ
```

ನಂಬರ್ ಸೀರೀಸ್ ಬೇರೇನೇ ಇಡಿ, ಸೇಲ್ಸ್ ಬಿಲ್ ಸೀರೀಸ್‌ಗೆ ಇದನ್ನ ತೂರಿಸಿದ್ರೆ ಆಮೇಲೆ ಜಿಎಸ್‌ಟಿಆರ್-1ರಲ್ಲಿ ಬಿಲ್ ನಂಬರ್ ಮಧ್ಯೆ ತೂತು ಕಾಣತ್ತೆ. ಓನರ್‌ಗೆ ದುಡ್ಡು ಕೊಟ್ಟಾಗ ಒಂದು ಪೇಮೆಂಟ್ ವೌಚರ್ ಕೂಡ ಮಾಡ್ಬೇಕು ಅಂತಿದೆ, ಅದು ಒಂದು ಪುಟದ ಕೆಲಸ, ಅದೇ ವಿವರಗಳು, ಅದಕ್ಕೂ ಬೇರೆ ಸೀರೀಸ್. ಇಬ್ಬರು ಓನರ್ ಇದ್ರೆ ಇಬ್ಬರಿಗೂ ಬೇರೆ ಬೇರೆ ಇನ್‌ವಾಯ್ಸ್.

ಯಾವ ತಿಂಗಳಿಗೆ ಹೋಗತ್ತೆ

ಓನರ್‌ಗೆ ದುಡ್ಡು ಕೊಟ್ಟ ದಿನ, ಸೆಲ್ಫ್ ಇನ್‌ವಾಯ್ಸ್ ಹಾಕಿದ ದಿನ, ಇವೆರಡರಲ್ಲಿ ಯಾವುದು ಮೊದಲೋ ಆ ತಿಂಗಳಿಗೆ ಟ್ಯಾಕ್ಸ್. ಅಕ್ಟೋಬರ್ ಬಾಡಿಗೆನ ಮೇಷ್ಟ್ರಿಗೆ ನವೆಂಬರ್ 5ಕ್ಕೆ ಕೊಟ್ರೂ, ಇನ್‌ವಾಯ್ಸ್ ಅಕ್ಟೋಬರ್ 31ಕ್ಕೆ ಹಾಕಿದ್ರೆ ಅದು ಅಕ್ಟೋಬರ್ ರಿಟರ್ನ್‌ಗೇ ಹೋಗತ್ತೆ. ನನ್ನ ಪ್ರಕಾರ ತಿಂಗಳ ಕೊನೇ ದಿನಾಂಕಕ್ಕೆ ಇನ್‌ವಾಯ್ಸ್ ಹಾಕೋ ಪದ್ಧತಿ ಬೆಸ್ಟು, ಯಾಕಂದ್ರೆ ಪುಸ್ತಕದಲ್ಲಿ ಹನ್ನೆರಡು ತಿಂಗಳ ಬಾಡಿಗೆ ಇದ್ರೆ ರಿಟರ್ನ್‌ನಲ್ಲೂ ಹನ್ನೆರಡೇ ಇರತ್ತೆ, ಮಾರ್ಚ್ ಬಾಡಿಗೆ ಏಪ್ರಿಲ್‌ಗೆ ಜಾರಿ ವರ್ಷದ ಕೊನೇಲಿ ಟ್ಯಾಲಿ ಆಗದೆ ತಲೆ ಕೆಡೋದು ತಪ್ಪತ್ತೆ.

ಅಡ್ವಾನ್ಸ್ ಆಗಿ ಬಾಡಿಗೆನೇ ಕೊಟ್ಬಿಟ್ರೆ ಕಥೆ ಬೇರೆ. ಏಪ್ರಿಲ್‌ನಲ್ಲಿ ವರ್ಷದ 3,60,000 ಒಟ್ಟಿಗೆ ಕೊಟ್ರೆ 64,800 ಟ್ಯಾಕ್ಸ್ ಏಪ್ರಿಲ್ ತಿಂಗಳಿಗೇ ಬೀಳತ್ತೆ, ಆದ್ರೆ ಕ್ರೆಡಿಟ್‌ಗೆ ಸೇವೆ ಸಿಕ್ಕಿರ್ಬೇಕು ಅನ್ನೋ ಷರತ್ತಿರೋದ್ರಿಂದ ಅದು ತಿಂಗಳು ತಿಂಗಳಾಗಿ ಬರೋದು ಸೇಫ್. ಅಂದ್ರೆ ದುಡ್ಡು ಸುಮ್ನೆ ಸಿಕ್ಕಾಕೊಳ್ಳತ್ತೆ. ಓನರ್ ಕೇಳಿದ್ರು ಅಂತ ವರ್ಷದ ಬಾಡಿಗೆ ಮುಂಗಡ ಕೊಡೋ ಮುಂಚೆ ಈ ಲೆಕ್ಕ ಹಾಕಿ.

ರಿಟರ್ನ್‌ನಲ್ಲಿ ಎಲ್ಲೆಲ್ಲಿ ತುಂಬೋದು

ಅಕ್ಟೋಬರ್ ತಿಂಗಳ ಜಿಎಸ್‌ಟಿಆರ್-3ಬಿ ನವೆಂಬರ್ 20ಕ್ಕೆ. ಇದರಲ್ಲಿ ಎರಡು ಜಾಗ. ಟೇಬಲ್ `3.1(d)`, ರಿವರ್ಸ್ ಚಾರ್ಜ್ ಬರೋ ಖರೀದಿಗಳದ್ದು: ಮೌಲ್ಯ 30,000, ಸಿಜಿಎಸ್‌ಟಿ 2,700, ಎಸ್‌ಜಿಎಸ್‌ಟಿ 2,700. ಆಮೇಲೆ ಟೇಬಲ್ `4(A)(3)`, ರಿವರ್ಸ್ ಚಾರ್ಜ್‌ನ ಕ್ರೆಡಿಟ್: ಅದೇ 2,700 ಮತ್ತು 2,700. ಕ್ರೆಡಿಟ್‌ಗೆ ಮುಂದಿನ ತಿಂಗಳವರೆಗೆ ಕಾಯ್ಬೇಕಿಲ್ಲ, ಟ್ಯಾಕ್ಸ್ ಕಟ್ಟೋ ರಿಟರ್ನ್‌ನಲ್ಲೇ ತಗೊಳ್ತಾರೆ.

ಇವೆರಡೂ ತಾನಾಗೇ ಬರತ್ತೆ ಅಂತ ಕಾಯ್ಬೇಡಿ. ಬೇರೆ ಖರೀದಿಗಳೆಲ್ಲ ಮಾರಿದವರ ರಿಟರ್ನ್‌ನಿಂದ 2ಬಿಗೆ ಬಂದು ಅಲ್ಲಿಂದ 3ಬಿಗೆ ತುಂಬ್ಕೊಳ್ಳತ್ತೆ, ಮೇಷ್ಟ್ರು ರಿಟರ್ನೇ ಹಾಕಲ್ಲ, ಅವರ ಬಾಡಿಗೆ 2ಬಿಯಲ್ಲಿ ಯಾವತ್ತೂ ಕಾಣಲ್ಲ. 2ಬಿ ನೋಡಿ 3ಬಿ ಹಾಕೋ ಅಭ್ಯಾಸ ಇರೋರಿಗೆ ಇದು ಬಿಟ್ಟೋಗೋದು ಇದೇ ಕಾರಣಕ್ಕೆ. ಕೈಯಲ್ಲೇ ಟೈಪ್ ಮಾಡ್ಬೇಕು.

ಜಿಎಸ್‌ಟಿಆರ್-1ರಲ್ಲಿ ಸೇಲ್ಸ್ ಟೇಬಲ್‌ಗಳಲ್ಲಿ ಇದನ್ನ ತೋರಿಸೋ ಹಾಗಿಲ್ಲ. ಅಲ್ಲಿ ರಿವರ್ಸ್ ಚಾರ್ಜ್ ಅಂತ ಇರೋ `4B` ನೀವು ಮಾರೋದಕ್ಕೆ, ಖರೀದಿಗಲ್ಲ. ಕೊನೇಲಿರೋ ಟೇಬಲ್ `13`, ಡಾಕ್ಯುಮೆಂಟ್ ನಂಬರ್‌ಗಳ ಪಟ್ಟಿ, ಅದರಲ್ಲಿ ಅನ್‌ರಿಜಿಸ್ಟರ್ಡ್ ವ್ಯಕ್ತಿಯಿಂದ ಬಂದ ಇನ್‌ವಾಯ್ಸ್ ಅನ್ನೋ ಸಾಲಿನಲ್ಲಿ ಸೆಲ್ಫ್ ಇನ್‌ವಾಯ್ಸ್ ಸೀರೀಸೂ, ಪೇಮೆಂಟ್ ವೌಚರ್ ಸಾಲಿನಲ್ಲಿ ವೌಚರ್ ಸೀರೀಸೂ ಹಾಕಿ.

ದುಡ್ಡು: ಇಲ್ಲೇ ಎಲ್ಲರಿಗೂ ಗೊಂದಲ

ಆರ್‌ಸಿಎಂ ಟ್ಯಾಕ್ಸ್‌ನ ಕ್ರೆಡಿಟ್ ಲೆಡ್ಜರ್‌ನಿಂದ ಕಟ್ಟೋಕಾಗಲ್ಲ, ಲಕ್ಷಗಟ್ಲೆ ಕ್ರೆಡಿಟ್ ಬಿದ್ದಿದ್ರೂ ಕ್ಯಾಶ್ ಲೆಡ್ಜರ್‌ನಿಂದಾನೇ ಕಟ್ಬೇಕು. ಇದನ್ನ ಕೇಳಿ ಜನ ತಿಂಗಳಿಗೆ 5,400 ಹೋಯ್ತು ಅಂದ್ಕೋತಾರೆ, ಲೆಕ್ಕ ಮಾಡಿ ನೋಡೋಣ. ಅಕ್ಟೋಬರ್‌ನಲ್ಲಿ ಅಂಗಡಿ ಸೇಲ್ಸ್ 2,50,000, ಅದರ ಮೇಲೆ 18% ಅಂದ್ರೆ 45,000, ಅರ್ಧರ್ಧ 22,500. ಖರೀದಿ ಕ್ರೆಡಿಟ್ ಸಿಜಿಎಸ್‌ಟಿ 19,500, ಎಸ್‌ಜಿಎಸ್‌ಟಿ 19,500. ಬಾಡಿಗೆ ಆರ್‌ಸಿಎಂ ಇಲ್ದಿದ್ರೆ ಒಂದೊಂದು ಹೆಡ್‌ನಲ್ಲೂ 3,000 ಕಟ್ಬೇಕಿತ್ತು. ಈಗ ಒಂದು ಹೆಡ್ ಹೀಗಾಗತ್ತೆ:

```
ಸೇಲ್ಸ್ ಮೇಲಿನ ಟ್ಯಾಕ್ಸ್                22,500
ಖರೀದಿ ಕ್ರೆಡಿಟ್                      -19,500
ಬಾಡಿಗೆ ಆರ್‌ಸಿಎಂ ಕ್ರೆಡಿಟ್             -2,700
ಸೇಲ್ಸ್‌ಗೆ ಕ್ಯಾಶ್‌ನಲ್ಲಿ ಕಟ್ಟೋದು            300
ಬಾಡಿಗೆ ಆರ್‌ಸಿಎಂ, ಕ್ಯಾಶ್‌ನಲ್ಲಿ         +2,700
ಒಟ್ಟು ಕ್ಯಾಶ್                          3,000
```

ಅಷ್ಟೇ, ಮುಂಚೆ ಎಷ್ಟೋ ಈಗಲೂ ಅಷ್ಟೇ. ತಿಂಗಳು ತಿಂಗಳೂ ಕ್ಯಾಶ್‌ನಲ್ಲಿ ಟ್ಯಾಕ್ಸ್ ಕಟ್ತಿರೋ ವ್ಯಾಪಾರಕ್ಕೆ, ಆ ಕಟ್ಟೋದು ಬಾಡಿಗೆ ಟ್ಯಾಕ್ಸ್‌ಗಿಂತ ಜಾಸ್ತಿ ಇದ್ರೆ, ಇದು ಜೇಬಿನಿಂದ ಒಂದು ರೂಪಾಯಿನೂ ಎಕ್ಸ್‌ಟ್ರಾ ತಗೊಳ್ಳಲ್ಲ, ಪೇಪರ್ ಕೆಲಸ ಮಾತ್ರ ಜಾಸ್ತಿ. ಚಲನ್ ಮಾಡುವಾಗ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹೆಡ್‌ಗೆ ತಲಾ 3,000 ಹಾಕಿ, ಎಲ್ಲಾನೂ ಒಂದೇ ಹೆಡ್‌ಗೆ ತುಂಬಿಬಿಟ್ರೆ ಆಮೇಲೆ `PMT-09` ಹಾಕಿ ಒಂದರಿಂದ ಇನ್ನೊಂದಕ್ಕೆ ವರ್ಗಾಯಿಸ್ಬೇಕಾಗತ್ತೆ. ಕೊನೇ ಪೇಮೆಂಟ್ ಟೇಬಲ್‌ನಲ್ಲಿ ರಿವರ್ಸ್ ಚಾರ್ಜ್ ಟ್ಯಾಕ್ಸ್ ಬೇರೆ ಭಾಗವಾಗಿ ಕಾಣತ್ತೆ, ಅಲ್ಲಿ 2,700 ಬಂದಿದ್ಯಾ ನೋಡಿ ಆಮೇಲೆ ಫೈಲ್ ಮಾಡಿ.

ನಿಜವಾಗಿ ನೋವಾಗೋದು ಎರಡು ಥರದವರಿಗೆ. ಒಂದು, ಕ್ರೆಡಿಟ್ ಈಗಾಗ್ಲೇ ಗುಡ್ಡೆ ಬಿದ್ದಿರೋರು, ಸ್ಟಾಕ್ ತುಂಬಾ ಹಾಕ್ಕೊಂಡಿರೋ ಹೊಸ ಅಂಗಡಿ ಥರ. ಅವರಿಗೆ ಪ್ರತಿ ತಿಂಗಳೂ 5,400 ಕ್ಯಾಶ್ ಹೋಗಿ ಕ್ರೆಡಿಟ್ ಗುಡ್ಡೆ ಇನ್ನೂ ಎತ್ತರ ಆಗತ್ತೆ, ದುಡ್ಡು ಕಳೆದಿಲ್ಲ ಆದ್ರೆ ಕೈಗೂ ಸಿಗಲ್ಲ. ಎರಡು, ಕ್ರೆಡಿಟ್ ತಗೊಳ್ಳೋಕೇ ಆಗದೋರು. ದರ್ಶಿನಿ, ಹೋಟೆಲ್‌ನವರು 5% ಕಟ್ತಾರಲ್ಲ, ಅವರಿಗೆ ಕ್ರೆಡಿಟ್ ಇಲ್ಲ. 80,000 ಬಾಡಿಗೆ ಕೊಡೋ ದರ್ಶಿನಿಗೆ ತಿಂಗಳಿಗೆ 14,400, ವರ್ಷಕ್ಕೆ 1,72,800 ಪೂರ್ತಿ ಖರ್ಚು. ಅವರು `3.1(d)` ತುಂಬಿ ಕಟ್ಟಿ, `4(A)(3)`ರಲ್ಲಿ ತೋರಿಸಿದ ಕ್ರೆಡಿಟ್‌ನ ಅದೇ ರಿಟರ್ನ್‌ನಲ್ಲಿ `4(B)(1)`ರಲ್ಲಿ ವಾಪಸ್ ಮಾಡ್ಬೇಕು. ಇಂಥ ವ್ಯಾಪಾರದವರು ಮಳಿಗೆ ಹಿಡಿಯುವಾಗ್ಲೇ ಬಾಡಿಗೆ ಮೇಲೆ 18% ಸೇರಿಸಿ ಲೆಕ್ಕ ಹಾಕ್ಬೇಕು. ಟ್ಯಾಕ್ಸ್ ಇರೋದು ಇಲ್ದಿರೋದು ಎರಡೂ ಮಾರೋರಿಗೆ ಕ್ರೆಡಿಟ್ ಆ ಪ್ರಮಾಣದಲ್ಲಿ ಮಾತ್ರ.

ಮೂರು ತಿಂಗಳಿಗೊಂದು ರಿಟರ್ನ್ ಹಾಕೋ ಕ್ಯುಆರ್‌ಎಂಪಿಯವರಿಗೂ ಇದು ತಪ್ಪಿದ್ದಲ್ಲ. ಮೊದಲೆರಡು ತಿಂಗಳು `PMT-06` ಚಲನ್ ಮುಂದಿನ ತಿಂಗಳ 25ರೊಳಗೆ ಕಟ್ತೀರಲ್ಲ, ಸ್ವಂತ ಲೆಕ್ಕದ ವಿಧಾನ ಆರಿಸ್ಕೊಂಡಿದ್ರೆ ಅದರಲ್ಲಿ ಬಾಡಿಗೆ ಟ್ಯಾಕ್ಸೂ ಸೇರಿಸಿ.

ಬಿಟ್ಟೋಗಿದ್ಯಾ ಅಂತ ಕಂಡುಹಿಡಿಯೋದು, ಸರಿ ಮಾಡೋದು

ಲಾಭ ನಷ್ಟದ ಪಟ್ಟಿಯಲ್ಲಿ ಬಾಡಿಗೆ ಲೆಡ್ಜರ್ ತೆಗೀರಿ, ವರ್ಷದ ಎಲ್ಲಾ 3ಬಿಗಳ `3.1(d)` ಮೌಲ್ಯ ಕೂಡಿಸಿ, ರಿಜಿಸ್ಟರ್ಡ್ ಓನರ್‌ಗೆ ಕೊಟ್ಟ ಬಾಡಿಗೆ ಕಳೆದು ಎರಡೂ ಹೊಂದತ್ತಾ ನೋಡಿ. ಲಾರಿ ಬಾಡಿಗೆ, ವಕೀಲರ ಫೀಸ್ ಥರ ಬೇರೆ ಆರ್‌ಸಿಎಂ ಇದ್ರೆ ಅದನ್ನೂ ಪಕ್ಕಕ್ಕಿಡಿ. ಪೋರ್ಟಲ್‌ನಲ್ಲಿ 2024ರ ಆಗಸ್ಟ್‌ನಿಂದ `RCM Liability/ITC Statement` ಅಂತ ಒಂದು ಲೆಡ್ಜರ್ ಇದೆ, `Services` ಒಳಗೆ `Ledgers` ಕೆಳಗೆ. ಅದು ನೀವು `3.1(d)`ಯಲ್ಲಿ ಕಟ್ಟಿದ್ದನ್ನೂ `4(A)`ರಲ್ಲಿ ತಗೊಂಡ ಆರ್‌ಸಿಎಂ ಕ್ರೆಡಿಟ್‌ನೂ ಎದುರುಬದುರು ಇಡತ್ತೆ. ಕಟ್ಟದೇ ಕ್ರೆಡಿಟ್ ಮಾತ್ರ ತಗೊಂಡಿದ್ರೆ ಬ್ಯಾಲೆನ್ಸ್ ಮೈನಸ್‌ಗೆ ಹೋಗತ್ತೆ. ಆದ್ರೆ ಎರಡೂ ಕಡೆ ಏನೂ ತುಂಬದೇ ಇದ್ರೆ ಈ ಲೆಡ್ಜರ್ ಸೊನ್ನೆ ತೋರ್ಸತ್ತೆ, ಅದನ್ನ ನೋಡಿ ಎಲ್ಲಾ ಸರಿ ಇದೆ ಅನ್ಕೋಬೇಡಿ.

ಬಿಟ್ಟೋಗಿದ್ರೆ ಹಳೇ ರಿಟರ್ನ್ ತಿದ್ದೋಕಾಗಲ್ಲ, ಮುಂದೆ ಹಾಕೋ 3ಬಿಯಲ್ಲೇ ಬಿಟ್ಟೋದ ತಿಂಗಳ ಬಾಡಿಗೆ ಸೇರಿಸಿ ಕಟ್ಟಿ, ಜೊತೆಗೆ ವರ್ಷಕ್ಕೆ 18% ಲೆಕ್ಕದಲ್ಲಿ ಬಡ್ಡಿ. ನಮ್ಮ 5,400ಕ್ಕೆ 180 ದಿನ ತಡ ಆಗಿದ್ರೆ ಬಡ್ಡಿ ಸುಮಾರು 479 ರೂಪಾಯಿ, ಅದನ್ನೂ ಕ್ಯಾಶ್‌ನಲ್ಲೇ. ಸೆಲ್ಫ್ ಇನ್‌ವಾಯ್ಸ್‌ಗೆ ಇವತ್ತಿನ ದಿನಾಂಕಾನೇ ಹಾಕಿ, ಹಿಂದಿನ ದಿನಾಂಕ ಹಾಕಿ ಚಂದ ಮಾಡೋಕೆ ಹೋಗ್ಬೇಡಿ. ಯಾಕಂದ್ರೆ 2024ರ ಜೂನ್ 26ರ 211ನೇ ಸರ್ಕ್ಯುಲರ್ ಪ್ರಕಾರ ಅನ್‌ರಿಜಿಸ್ಟರ್ಡ್ ಕಡೆಯಿಂದ ಬಂದ ಆರ್‌ಸಿಎಂಗೆ ಕ್ರೆಡಿಟ್ ಗಡುವು ಲೆಕ್ಕ ಆಗೋದು ಸೆಲ್ಫ್ ಇನ್‌ವಾಯ್ಸ್ ಹಾಕಿದ ಆರ್ಥಿಕ ವರ್ಷದಿಂದ. ಇವತ್ತು ಹಾಕಿದ್ರೆ ಕ್ರೆಡಿಟ್ ಉಳಿಯತ್ತೆ, ತಡಕ್ಕೆ ಬಡ್ಡಿ ಕಟ್ಬೇಕು, ಪೆನಾಲ್ಟಿಗೂ ಅವಕಾಶ ಇದೆ ಅಂತ ಅದೇ ಸರ್ಕ್ಯುಲರ್ ಹೇಳತ್ತೆ. ಕ್ರೆಡಿಟ್ ತಗೊಳ್ಳೋ ಅಂಗಡಿಗೆ ಕೊನೆಗೆ ಕೈ ಬಿಡೋದು ಬಡ್ಡಿ ಮಾತ್ರ, ಅದಕ್ಕೇ ನೋಟಿಸ್ ಬರೋವರೆಗೆ ಕಾಯೋದ್ರಲ್ಲಿ ಅರ್ಥ ಇಲ್ಲ.

ಮಳಿಗೆ ಖಾಲಿ ಮಾಡುವಾಗ

ಡಿಪಾಸಿಟ್ ಕೊಡುವಾಗ ಟ್ಯಾಕ್ಸ್ ಇಲ್ಲ ಅಂದ್ನಲ್ಲ, ಕೊನೇಲಿ ಅದು ಬಾಡಿಗೆ ಆಗಿ ಬದಲಾಗತ್ತೆ. "ಕೊನೇ ಎರಡು ತಿಂಗಳು ಅಡ್ವಾನ್ಸ್‌ನಲ್ಲೇ ಹಿಡ್ಕೊಳ್ಳಿ ಮೇಷ್ಟ್ರೇ" ಅಂದ್ರೆ ಬ್ಯಾಂಕ್‌ನಿಂದ ಏನೂ ಹೋಗಲ್ಲ, ಆದ್ರೆ ಆ 60,000 ಬಾಡಿಗೇನೇ, ಎಂದಿನಂತೆ ಎರಡು ಸೆಲ್ಫ್ ಇನ್‌ವಾಯ್ಸ್ ಹಾಕಿ 10,800 ಟ್ಯಾಕ್ಸ್ ಕಟ್ಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಆರ್‌ಸಿಎಂ ಲೆಕ್ಕ ಹಾಕೋರಿಗೆ ಈ ಎರಡು ತಿಂಗಳು ಕಾಣೋದೇ ಇಲ್ಲ. ಅಂಗಡಿ ಬಿಟ್ಟ ಮೇಲೆ ಜಿಎಸ್‌ಟಿ ನಂಬರ್ ಕ್ಯಾನ್ಸಲ್ ಮಾಡಿಸೋ ಪ್ಲಾನ್ ಇದ್ರೆ ಈ ಎರಡು ಇನ್‌ವಾಯ್ಸ್ ಮುಗಿಸಿ, 3ಬಿ ಹಾಕಿ, ಆಮೇಲೆ ಅರ್ಜಿ ಹಾಕಿ.